ಅಮ್ಮಾ, ಹವಳದ ಸರ ಮತ್ತೆ ಪೋಣಿಸಿದೆ

ಅಮ್ಮಾ,

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನೀನು ಕೊಟ್ಟ ಹವಳದ ಸರ ಹರಿದುಹೋಗಿತ್ತು. ದೀಪಾವಳಿ ಮುಗಿಸಿ ತಿಪಟೂರಿನಿಂದ ಬೆಂಗಳೂರಿಗೆ ವಾಪಸ್ ಬಂದ ರಾತ್ರಿಯೇ. ಕನ್ನಡಿ ಮುಂದೆ ನಿಂತು ಒಂದು ಸಲ ಹಾಕಿಕೊಂಡು ನೋಡೋಣ ಅಂತ ಎತ್ತಿದೆ. ಪದಕದ ಪಕ್ಕದಲ್ಲಿ ದಾರ ಪಟ್ ಅಂತ ಹರಿಯಿತು. ಗುಂಡು, ಹವಳ ಎಲ್ಲಾ ರೂಮಿನ ತುಂಬಾ ಉರುಳಿದವು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮರುದಿನ ನೀನು ಫೋನ್ ಮಾಡಿ "ಹಾಕ್ಕೊಂಡು ನೋಡಿದ್ಯಾ?" ಅಂತ ಕೇಳಿದಾಗ "ನೋಡಿದೆ ಅಮ್ಮಾ, ಚೆನ್ನಾಗಿದೆ" ಅಂದೆ. ಅವತ್ತು ನಿಜ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಈಗ ಹೇಳಬಹುದು. ಸರ ಸರಿಯಾಗಿದೆ. ಐದು ಶನಿವಾರ ಹಿಡಿಯಿತು. ಏನೇನು ಮಾಡಿದೆ ಅಂತ ಒಂದೂ ಬಿಡದೆ ಬರೆಯುತ್ತೇನೆ. ಈ ಸರದ ಬಗ್ಗೆ ನಮಗೆ ಯಾರಿಗೂ ಗೊತ್ತಿಲ್ಲದ ಕೆಲವು ಸಂಗತಿ ಸಿಕ್ಕಿವೆ, ಅವೂ ನಿನಗೆ ಗೊತ್ತಾಗಬೇಕು. ಮುಂದೊಂದು ದಿನ ಮತ್ತೆ ದಾರ ಬದಲಿಸುವವರಿಗೂ ಬೇಕಾಗುತ್ತದೆ.

ಆ ರಾತ್ರಿ ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಗುಡಿಸದೇ ಇದ್ದದ್ದು. ಪೊರಕೆ ಹಾಕಿದ್ದರೆ ಹವಳಕ್ಕೆ ಗೀರು ಬೀಳುತ್ತಿತ್ತು. ಫ್ಯಾನ್ ಆರಿಸಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ಮಟ್ಟವಾಗಿ ಹಿಡಿದೆ. ಹಾಗೆ ಹಿಡಿದರೆ ಚಿಕ್ಕ ಮಣಿಗೂ ಉದ್ದ ನೆರಳು ಬೀಳುತ್ತದೆ, ತಟ್ಟನೆ ಕಾಣುತ್ತದೆ. ಒಂದೊಂದಾಗಿ ಆರಿಸಿ ಟವೆಲ್ ಮೇಲೆ ಇಟ್ಟೆ. ಕತ್ತಿನ ಹಿಂದಕ್ಕೆ ಬರುವ ತುಂಡು ಮಾತ್ರ ಹರಿಯದೆ ಉಳಿದಿತ್ತು. ಅದರಲ್ಲಿ 5 ಗುಂಡು, 11 ಹವಳ. ಅದನ್ನು ಬಿಚ್ಚದೆ ಹಾಗೇ ಪಕ್ಕಕ್ಕಿಟ್ಟೆ. ಆ ತುಂಡಿನಿಂದಲೇ ಎಷ್ಟೋ ವಿಷಯ ತಿಳಿಯಿತು, ಮುಂದೆ ಹೇಳುತ್ತೇನೆ.

ಎಲ್ಲಾ ಸೇರಿಸಿ ಎಣಿಸಿದರೆ 27 ಗುಂಡು, 56 ಹವಳ. ಪದಕದ ಎರಡೂ ಕಡೆ ಸಮ ಇರಬೇಕಲ್ವಾ, 27 ಹೇಗೆ ಆಗುತ್ತದೆ? ಆಗ 1989ರ ನಿನ್ನ ಮದುವೆ ಫೋಟೋ ನೆನಪಾಯಿತು. ಧಾರೆಯ ಹೊತ್ತಿನದು, ನೀನು ತಲೆ ಬಗ್ಗಿಸಿ ಕೂತಿರುವುದು. ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿದೆ. ಒಂದು ಹವಳ, ಒಂದು ಗುಂಡು, ಒಂದು ಹವಳ, ಮತ್ತೆ ಅದೇ. ಅಂದರೆ ಒಂದು ಗುಂಡಿಗೆ ಎರಡು ಹವಳ. 56 ಹವಳಕ್ಕೆ 28 ಗುಂಡು. ಒಂದು ಎಲ್ಲೋ ಉಳಿದಿದೆ ಅಂತ ಖಾತ್ರಿಯಾಯಿತು. ಬೆಳಿಗ್ಗೆ ಮಂಚದ ಕಾಲಿನ ಬುಡದಲ್ಲೇ ಸಿಕ್ಕಿತು. ಅದು ದೂರ ಉರುಳಿರಲಿಲ್ಲ, ಯಾಕೆಂದರೆ ಅದು ದುಂಡಗೇ ಇರಲಿಲ್ಲ. ನಡುವಿನ ಬೆಸುಗೆ ಬಿಟ್ಟು ಬಾಯಿ ತೆರೆದುಕೊಂಡಿತ್ತು. ಒಳಗೆ ಖಾಲಿ.

ನೀನು ಸರ ಸುತ್ತಿಟ್ಟಿದ್ದ ಮಲ್ ಬಟ್ಟೆಯನ್ನು ಒದರಿದಾಗ ಕಂದುಗೆಂಪು ಪುಡಿ ಬಿತ್ತು. ಹಳೇ ಕುಂಕುಮ ಇರಬೇಕು ಅಂದುಕೊಂಡಿದ್ದೆ. ಅದು ಅರಗು. ನಮ್ಮ ಗುಂಡುಗಳು ಗಟ್ಟಿ ಬಂಗಾರ ಅಲ್ಲ ಅಮ್ಮಾ. ತೆಳು ತಗಡಿನ ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಇಟ್ಟು ಬೆಸೆದು, ಒಳಗೆ ಅರಗು ತುಂಬಿರುತ್ತಾರೆ. ಅರಗು ಇಲ್ಲದಿದ್ದರೆ ಬೆರಳಲ್ಲಿ ಒತ್ತಿದರೂ ತಗಡು ನೆಗ್ಗುತ್ತದೆ.

ಮೊದಲ ಶನಿವಾರ

ಹನುಮಂತನಗರದಲ್ಲಿ ಮನೆ ಹತ್ತಿರದ ಒಂದು ಒಡವೆ ಅಂಗಡಿಗೆ ಹೋದೆ. ದಾರ ಹಾಕಿಸಿಕೊಡಿ ಅಂದರೆ, ಹಳೆಯದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ ಅಂದರು. ನಾನು ಸುಮ್ನೆ ತೂಕ ಮಾತ್ರ ಹಾಕಿಸಿದೆ. ಪದಕ, ಹವಳ, ಗುಂಡು ಎಲ್ಲಾ ಸೇರಿ 32 ಗ್ರಾಂ. ಅಜ್ಜಿ ಯಾವಾಗಲೂ "ಮೂರು ತೊಲದ ಸರ" ಅನ್ನುತ್ತಿದ್ದರಲ್ವಾ. ಒಂದು ತೊಲ ಅಂದರೆ 11.66 ಗ್ರಾಂ. ಮೂರು ತೊಲಕ್ಕೆ 35 ಗ್ರಾಂ ಆಗುತ್ತದೆ. ಅಜ್ಜಿಯ ಲೆಕ್ಕ ಹೆಚ್ಚುಕಮ್ಮಿ ಸರಿಯೇ ಇದೆ ಅನ್ನಿಸಿತು.

ಆಮೇಲೆ ಬಿರಿದ ಖಾಲಿ ಗುಂಡನ್ನು ಬೇರೆಯಾಗಿ ತೂಗಿಸಿದೆ. 0.35 ಗ್ರಾಂ. ಅದರ ಪಕ್ಕದ, ಅರಗು ತುಂಬಿದ ಗುಂಡು 0.60 ಗ್ರಾಂ. ಎರಡೂ ಒಂದೇ ಅಳತೆ, 8 ಮಿಲಿಮೀಟರ್. ಅಂದರೆ ಒಂದು ಗುಂಡಿನ ತೂಕದಲ್ಲಿ 0.25 ಗ್ರಾಂ ಬರೀ ಅರಗು. 28 ಗುಂಡಿನ ಬಂಗಾರ ಎಲ್ಲಾ ಸೇರಿಸಿದರೂ 9.8 ಗ್ರಾಂ, ಒಂದು ತೊಲವೂ ತುಂಬುವುದಿಲ್ಲ. ಅದೇ ಅಳತೆಯ ಗಟ್ಟಿ ಗುಂಡು ಮಾಡಿಸಿದರೆ ಒಂದೊಂದೇ ನಾಲ್ಕೂವರೆ ಗ್ರಾಂ ದಾಟುತ್ತದೆ. ಅಷ್ಟು ಭಾರದ ಸರವನ್ನು ಕತ್ತಿಗೆ ಹಾಕಿಕೊಳ್ಳುವುದೂ ಕಷ್ಟ.

ಇದನ್ನು ಕೇಳಿ ನಿನಗೆ ಬೇಜಾರಾಗಬಹುದು ಅಂತ ಯೋಚಿಸಿದೆ. ನನಗೆ ಆಗಲಿಲ್ಲ. 0.35 ಗ್ರಾಂ ಬಂಗಾರವನ್ನು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ತೆಳುವಾಗಿ ಬಡಿದು, ಬಟ್ಟಲು ಮಾಡಿ, ಕಣ್ಣಿಗೆ ಕಾಣದ ಹಾಗೆ ಬೆಸೆದವರ ಕೈ ಎಂಥದ್ದು ನೋಡು. ಬದಲಾಯಿಸಿ ಕೊಟ್ಟರೆ ಅದನ್ನು ಕರಗಿಸುತ್ತಾರೆ. ಅರಗು ಸುಟ್ಟುಹೋಗುತ್ತದೆ, ಹವಳವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಗಂಟು ಕಟ್ಟಿಕೊಂಡು ಎದ್ದು ಬಂದೆ.

ಆ ಸಂಜೆಯೇ ಒಂದು ತಪ್ಪು ಮಾಡಿದೆ. ಕ್ರಾಫ್ಟ್ ಸಾಮಾನಿನ ಅಂಗಡಿಯಿಂದ ನೈಲಾನ್ ದಾರ ತಂದೆ. ಗಟ್ಟಿ ಇರುತ್ತದೆ, ಇನ್ನೊಂದು ಸಲ ಹರಿಯುವ ಮಾತೇ ಇಲ್ಲ ಅಂದುಕೊಂಡೆ. ಎರಡು ಗಂಟೆ ಕೂತು ಅರ್ಧ ಸರ ಪೋಣಿಸಿದೆ. ಎತ್ತಿ ನೋಡಿದರೆ ತಂತಿ ಬಗ್ಗಿಸಿದ ಹಾಗೆ ಸೆಟೆದು ನಿಂತಿತ್ತು. ಕತ್ತಿಗೆ ಇಟ್ಟರೆ ಮೈಗೆ ಕೂರುತ್ತಿರಲಿಲ್ಲ. ಗಂಟು ಹಾಕಿದರೆ ತಾನಾಗೇ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಎಲ್ಲಾ ಬಿಚ್ಚಿದೆ.

ಎರಡನೇ ಶನಿವಾರ

ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ಇಳಿದೆ. ಅಲ್ಲಿಂದ ಅವೆನ್ಯೂ ರಸ್ತೆ ದಾಟಿ ನಗರ್ತಪೇಟೆ ಗಲ್ಲಿಗಳಲ್ಲಿ ಕೇಳಿಕೊಂಡು ಹೊರಟೆ. ಒಡವೆಗೆ ದಾರ ಹಾಕುವವರು ಅಂದರೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. "ಪಟವೇಗಾರರು" ಅಂದ ಕೂಡಲೇ ಒಬ್ಬ ಹೂವಿನವರು ಮೇಲಿನ ಮಹಡಿ ತೋರಿಸಿದರು. ಮಂಚದಷ್ಟೇ ಅಗಲದ ಜಾಗ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಒಬ್ಬ ಅಜ್ಜ ಕೂತಿದ್ದರು. ಗೋಡೆ ತುಂಬಾ ಕೆಂಪು, ಕಪ್ಪು, ಹಳದಿ ರೇಷ್ಮೆ ಲಡಿಗಳು.

ಅವರು ಮೊದಲು ಮಣಿ ನೋಡಲಿಲ್ಲ. ಹರಿದ ದಾರ ಕೇಳಿದರು. ತುದಿಯನ್ನು ಬೆಳಕಿಗೆ ಹಿಡಿದು, "ಇದು ಎಳೆದು ಹರಿದದ್ದಲ್ಲಮ್ಮ, ಕತ್ತರಿಸಿದ್ದು. ಗುಂಡಿನ ತೂತೇ ಕತ್ತರಿಸಿದೆ" ಅಂದರು. ಎಳೆದು ಹರಿದರೆ ಎಳೆಗಳು ಒಂದೊಂದು ಉದ್ದಕ್ಕೆ ಕೆದರಿಕೊಂಡಿರುತ್ತವಂತೆ. ನಮ್ಮದು ಒಂದೇ ಕಡೆ, ಮೊಂಡಾಗಿ ತುಂಡಾಗಿತ್ತು. ತಗಡು ತೆಳುವಾದ್ದರಿಂದ ತೂತಿನ ಅಂಚು ಚಾಕುವಿನ ಹಾಗೆ ಇರುತ್ತದೆ. ದಾರ ಸಡಿಲವಾಗಿದ್ದರೆ ನಡೆಯುವಾಗ, ಕೂರುವಾಗ ಗುಂಡು ಅಲ್ಲಾಡಿ ಅಲ್ಲೇ ಉಜ್ಜುತ್ತಾ ಇರುತ್ತದೆ. ಬೆವರು, ಎಣ್ಣೆ ಕುಡಿದ ದಾರ ಅಷ್ಟರಲ್ಲಿ ಜೀವ ಕಳೆದುಕೊಂಡಿರುತ್ತದೆ.

ನಾನು ನೈಲಾನ್ ಹಾಕಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. "ದಾರ ಹರಿದ್ರೆ ಮತ್ತೆ ಹಾಕಬಹುದು ಮಗಳೇ. ಗುಂಡಿನ ತೂತು ಅಗಲ ಆದ್ರೆ ಏನ್ ಮಾಡ್ತೀಯ?" ಅಂದರು. ತಂತಿ ಆಗಲಿ ಗಟ್ಟಿ ನೈಲಾನ್ ಆಗಲಿ, ಅವು ತಾವು ಸವೆಯದೆ ಬಂಗಾರವನ್ನು ಸವೆಸುತ್ತವೆ. ರೇಷ್ಮೆ ತಾನು ಸವೆದು ಬಂಗಾರವನ್ನು ಉಳಿಸುತ್ತದೆ. ಅದಕ್ಕೇ ಆಗಾಗ ದಾರ ಬದಲಿಸುತ್ತಲೇ ಇರಬೇಕು. ನಾವು ಎಷ್ಟು ವರ್ಷ ಬದಲಿಸಿಲ್ಲವೋ ಗೊತ್ತಿಲ್ಲ.

ಪೋಣಿಸುವುದನ್ನು ನಾನೇ ಮಾಡಬೇಕು ಅಂತ ಕೇಳಿಕೊಂಡೆ. ಅರ್ಧ ದಿನ ಪಕ್ಕದಲ್ಲಿ ಕೂರಿಸಿಕೊಂಡು ಬೇರೆ ಮಣಿಗಳಲ್ಲಿ ಕಲಿಸಿದರು. ಕತ್ತಿನ ಹಿಂದಿನ ಹುರಿ, ಕುಚ್ಚು, ಮೇಲೆ ಕೆಳಗೆ ಮಾಡುವ ಜಾರುಗಂಟು ಮಾತ್ರ ತಾವೇ ಕಟ್ಟಿಕೊಡುತ್ತೇನೆ ಅಂದರು. ಅದು ನನ್ನಿಂದ ಆಗುವ ಕೆಲಸವೂ ಅಲ್ಲ. ನೋಡನೋಡುತ್ತಲೇ ಅವರ ಬೆರಳು ಎಲ್ಲಿ ಹೋಗಿ ಎಲ್ಲಿ ಬಂತು ಅಂತ ತಿಳಿಯುತ್ತಿರಲಿಲ್ಲ.

ಮೂರನೇ ಶನಿವಾರ

ಬಿರಿದ ಗುಂಡಿಗೆ ಬೆಸುಗೆ ಬೇಕಿತ್ತು. ಪಟವೇಗಾರ ಅಜ್ಜನೇ ಎರಡು ಗಲ್ಲಿ ಆಚೆ, ಧರ್ಮರಾಯಸ್ವಾಮಿ ಗುಡಿ ಕಡೆಗೆ ಇರುವ ಒಬ್ಬ ಆಚಾರ್ರ ಹತ್ತಿರ ಕಳಿಸಿದರು. ನೆಗ್ಗಿದ್ದ ಇನ್ನೂ ಎರಡು ಗುಂಡುಗಳನ್ನೂ ತೆಗೆದುಕೊಂಡು ಹೋಗಿದ್ದೆ. ಆಚಾರ್ರು ಅವೆರಡನ್ನು ಮುಟ್ಟಲೇ ಇಲ್ಲ. ಒಳಗೆ ಅರಗು ಇರುವಾಗ ಬೆಂಕಿ ತೋರಿಸಿದರೆ ಅದು ಕುದಿದು ತೂತಿನಿಂದ ಉಕ್ಕುತ್ತದೆ, ದಾರಿ ಸಿಗದಿದ್ದರೆ ಗುಂಡನ್ನೇ ಸೀಳುತ್ತದೆ. ಪೂರ್ತಿ ಅರಗು ಸುಟ್ಟು ತೆಗೆದು, ನೆಗ್ಗು ಎತ್ತಿ, ಮತ್ತೆ ತುಂಬಬೇಕು. "ಸಣ್ಣ ನೆಗ್ಗಿಗೆ ಅಷ್ಟು ಮಾಡಿದ್ರೆ ಗುಂಡೇ ಕೈಬಿಟ್ಟು ಹೋಗಬಹುದಮ್ಮ, ಬೇಡ" ಅಂದರು. ಹಾಗಾಗಿ ಆ ಎರಡು ನೆಗ್ಗು ಹಾಗೇ ಇವೆ. ಹಿಂದಕ್ಕೆ ಬರುವ ಹಾಗೆ ಹಾಕಿದ್ದೇನೆ.

ಬಿರಿದ ಗುಂಡು ಖಾಲಿ ಇದ್ದದ್ದೇ ನಮ್ಮ ಅದೃಷ್ಟ. ಸುಡಬೇಕಾದ ಅರಗು ಅದರಲ್ಲಿ ಇರಲಿಲ್ಲ. ಆಚಾರ್ರು ಬಿರುಕಿನ ಒಳಗಿನ ಕೊಳೆ ತೆಗೆದು, ಬಿಳಿಗಾರ ಹಚ್ಚಿ, ಸಾಸಿವೆಗಿಂತ ಚಿಕ್ಕ ಬೆಸುಗೆ ಚೂರು ಇಟ್ಟರು. ಬೆಸುಗೆಯೂ ಬಂಗಾರವೇ, ಬೆಳ್ಳಿ, ತಾಮ್ರ ಜಾಸ್ತಿ ಸೇರಿಸಿರುವುದರಿಂದ ಗುಂಡಿಗಿಂತ ಮೊದಲು ಕರಗುತ್ತದೆ. ಹಳೇ ಬೆಸುಗೆಯೂ ಅಲ್ಲೇ ಪಕ್ಕದಲ್ಲಿದೆ. ಉರಿ ಒಂದು ಗಳಿಗೆ ಜಾಸ್ತಿ ನಿಂತರೆ ಅದೂ ಕರಗಿ ಎರಡು ಬಟ್ಟಲೂ ಬೇರೆಯಾಗಿಬಿಡುತ್ತವೆ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬೆಸುಗೆ ಕರಗಿ ಬಿರುಕಿನ ಉದ್ದಕ್ಕೂ ಒಂದು ಗೆರೆಯಾಗಿ ಓಡಿದ್ದು ಕಂಡಿತು. ಅಷ್ಟರಲ್ಲೇ ಉರಿ ತೆಗೆದರು.

ತಣ್ಣಗಾದ ಮೇಲೆ ನನ್ನ ಎದುರಿಗೇ ತೂಗಿದರು, 0.37 ಗ್ರಾಂ. ಆಮೇಲೆ ಅರಗಿನ ಪುಡಿಯನ್ನು ತೂತಿನಿಂದ ಸ್ವಲ್ಪ ಸ್ವಲ್ಪವೇ ತುಂಬಿ, ಬಿಸಿ ತಗಡಿನ ಮೇಲೆ ಉರುಳಿಸಿದರು. ಕರಗಿ ತಳಕ್ಕೆ ಇಳಿಯಿತು. ಮತ್ತೆ ತುಂಬಿದರು. ಕೊನೆಗೆ ಕಾಯಿಸಿದ ಸೂಜಿಯಿಂದ ನಡುವೆ ದಾರಕ್ಕೆ ದಾರಿ ಮಾಡಿದರು. ಸೂಜಿಯನ್ನು ಅರಗು ಬಿಸಿ ಇರುವಾಗಲೇ ತಿರುಗಿಸುತ್ತಾ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಅದು ಒಳಗೇ ಕಚ್ಚಿಕೊಳ್ಳುತ್ತದೆ. ಈಗ ತೂಕ 0.61. ಉಳಿದ 27ರ ಜೊತೆ ಬೆರೆಸಿದರೆ ಯಾವುದು ಅಂತ ನನಗೇ ಗುರುತು ಸಿಗುವುದಿಲ್ಲ.

ಮಿಕ್ಕ ಗುಂಡುಗಳನ್ನು ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿ ನೋಡು ಅಂತ ಅವರೇ ಹೇಳಿಕೊಟ್ಟರು. ಅರಗು ಗಟ್ಟಿ ಇದ್ದರೆ ಸದ್ದು ಇರುವುದಿಲ್ಲ. ಆರು ಗುಂಡುಗಳಲ್ಲಿ ಮರಳು ಅಲ್ಲಾಡಿದ ಹಾಗೆ ಸದ್ದು ಬಂತು. ಹಳೇ ಅರಗು ಒಣಗಿ ಚೂರಾಗಿದೆ. ಆ ಆರನ್ನು ಬಿಸಿ ತಗಡಿನ ಮೇಲೆ ಹದವಾಗಿ ಕಾಯಿಸಿದರು, ಒಳಗಿನ ಚೂರು ಕರಗಿ ಮತ್ತೆ ಒಂದಾಯಿತು.

ನಾಲ್ಕನೇ ಶನಿವಾರ

ಅಮ್ಮಾ, ಇಲ್ಲಿ ನಿನ್ನ ಒಂದು ಮಾತು ಮೀರಿದೆ. "ಹಾಕ್ಕೊಳ್ಳೋ ಮುಂಚೆ ಹುಣಸೆ ಹುಳಿ, ಬಿಸಿನೀರು ಹಾಕಿ ತೊಳ್ಕೋ, ಪಳಪಳ ಅನ್ನುತ್ತೆ" ಅಂದಿದ್ದೆ. ಬಳೆಗೆ, ಗಟ್ಟಿ ಸರಕ್ಕೆ ಅದು ಸರಿ. ಈ ಸರಕ್ಕೆ ಇನ್ನು ಮೇಲೆ ಬೇಡ.

ಹವಳ ಅನ್ನುವುದು ಸಮುದ್ರದ ಪುಟ್ಟ ಜೀವಿಗಳು ಕಟ್ಟಿದ ಗೂಡು. ಸುಣ್ಣದ ಕಲ್ಲು ಯಾವುದರಿಂದ ಆಗಿದೆಯೋ ಇದೂ ಅದರಿಂದಲೇ ಆಗಿದೆ. ಹುಳಿ ಬಿದ್ದರೆ ಮೇಲಿನ ಪದರ ಕರಗುತ್ತದೆ. ನಮ್ಮ ಹವಳಗಳನ್ನು ಬೆಳಕಿಗೆ ಹಿಡಿದು ನೋಡಿದಾಗ, ಕತ್ತಿನ ಹಿಂದೆ ಇದ್ದವು ಮಬ್ಬಾಗಿ, ಸುಣ್ಣ ಸವರಿದ ಹಾಗೆ ಇದ್ದವು. ಬೆವರಿನಲ್ಲಿಯೂ ಸ್ವಲ್ಪ ಹುಳಿ ಇರುತ್ತದೆ, ಅಲ್ಲೇ ಜಾಸ್ತಿ ಕೂರುತ್ತದೆ. ಇನ್ನು ಅರಗಿಗೆ ಹುಳಿಯಿಂದ ಏನೂ ಆಗುವುದಿಲ್ಲ, ಆದರೆ ಬಿಸಿನೀರಿಗೆ ಮೆತ್ತಗಾಗುತ್ತದೆ, ವಾಷಿಂಗ್ ಸೋಡಾಗೆ ಕರಗುತ್ತದೆ, ಸ್ಪಿರಿಟ್‌ಗೂ ಕರಗುತ್ತದೆ. ಕೈಗೆ ಹಾಕುವ ಸ್ಯಾನಿಟೈಸರ್, ಮೈಗೆ ಹೊಡೆಯುವ ಸೆಂಟು ಎರಡರಲ್ಲೂ ಅದೇ ತಾನೇ ಇರುವುದು. ಪದಕದ ಹಿಂಬದಿ ಮುಚ್ಚಿದೆ. ಕೆಂಪು ಕಲ್ಲಿನ ಕೆಳಗೆ ಹೊಳೆಯುವ ತಗಡು ಇಟ್ಟಿರುತ್ತಾರೆ, ನೀರು ಒಳಗೆ ಇಳಿದರೆ ಅದು ಕಪ್ಪಾಗಿ ಕಲ್ಲೂ ಕಪ್ಪಗೆ ಕಾಣುತ್ತದೆ. ನಮ್ಮ ಪದಕದಲ್ಲಿ ಎಡಗಡೆಯ ಒಂದು ಕಲ್ಲು ಹಾಗೆ ಆಗಿದೆ, ನೀನೂ ನೋಡಿರುತ್ತೀಯ.

ಅದಕ್ಕೆ ಮಣಿಗಳೆಲ್ಲ ಬಿಡಿಯಾಗಿ ಇರುವಾಗಲೇ ಒರೆಸಿದೆ. ಹಳೇ ಕಾಟನ್ ಸೀರೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೊಂದು ಗುಂಡನ್ನೂ ಬೆರಳ ನಡುವೆ ಉರುಳಿಸಿದೆ. ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿದೆ. ತೂತಿನ ಒಳಗೆ ನೀರು ಹೋಗದಂತೆ ನೋಡಿಕೊಂಡೆ, ಒಳಗೆ ಪಸೆ ಉಳಿದರೆ ಹೊಸ ರೇಷ್ಮೆ ಕೊಳೆಯುತ್ತದೆ. ಹವಳಕ್ಕೂ ಅಷ್ಟೇ. ಪದಕಕ್ಕೆ ಒಣ ಮೆದು ಬ್ರಷ್ ಮಾತ್ರ. ಹೊಸದರ ಹಾಗೆ ಪಳಪಳ ಅನ್ನುವುದಿಲ್ಲ. ಅಜ್ಜಿ ಕತ್ತಿನಲ್ಲಿ ಇದ್ದಾಗಿನ ಬಣ್ಣ ಬಂದಿದೆ, ಅಷ್ಟು ಸಾಕು ನನಗೆ.

ಒರೆಸುವಾಗ ಭೂತಗನ್ನಡಿಯಲ್ಲಿ ಒಂದೊಂದು ಹವಳವನ್ನೂ ನೋಡಿದೆ. ನಿಜವಾದ ಹವಳದಲ್ಲಿ ಉದ್ದಕ್ಕೆ ಸಣ್ಣ ಸಣ್ಣ ಗೆರೆಗಳು ಇರುತ್ತವೆ, ಮರದ ಹಲಗೆಯಲ್ಲಿ ಇರುವ ಹಾಗೆ. 53 ಹವಳದಲ್ಲಿ ಆ ಗೆರೆ ಕಂಡಿತು. ಮೂರರಲ್ಲಿ ಇರಲಿಲ್ಲ. ಗೆರೆ ಬದಲು ಒಳಗೆ ದುಂಡನೆ ಗಾಳಿಗುಳ್ಳೆ, ತೂತಿನ ಅಂಚಿನಲ್ಲಿ ಗಾಜು ಒಡೆದಾಗಿನ ಹೊಳಪು. ಮೂರೂ ಗಾಜಿನ ಮಣಿ. ಬಣ್ಣ ಮಾತ್ರ ಎಷ್ಟು ಹೊಂದಿಕೆಯಾಗಿದೆ ಅಂದರೆ ಇಷ್ಟು ವರ್ಷ ಯಾರಿಗೂ ಗೊತ್ತಾಗಿಲ್ಲ.

ಆ ಮೂರು ಎಲ್ಲಿದ್ದವು ಗೊತ್ತಾ? ಹರಿಯದೇ ಉಳಿದಿದ್ದ ಹಿಂದಿನ ತುಂಡಿನಲ್ಲಿ. ಮೂರೂ ಒಟ್ಟಿಗೆ. ಅವುಗಳ ಪಕ್ಕದ ಗುಂಡನ್ನು ಸರಿಸಿದಾಗ ಕೆಳಗೆ ಒಂದು ಗಂಟು ಸಿಕ್ಕಿತು. ಕೆಂಪು ದಾರಕ್ಕೆ ನೀಲಿ ದಾರ ಸೇರಿಸಿ ಹಾಕಿದ ಗಂಟು. ನೀಲಿಯದು ಹೊಲಿಗೆ ಮಿಷನ್ ದಾರ. ಗಂಟು ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ಮಡಚಿ ಬಿಗಿದದ್ದು. ನನ್ನ ಸ್ಕೂಲ್ ಯೂನಿಫಾರ್ಮಿನ ಗುಂಡಿಗಳೆಲ್ಲ ಅದೇ ಗಂಟಿನಲ್ಲಿ ಇರುತ್ತಿದ್ದವು ಅಮ್ಮಾ.

ಅವತ್ತು ಮತ್ತೆ ಏನೂ ಕೆಲಸ ಮಾಡಲು ಆಗಲಿಲ್ಲ.

ಐದನೇ ಶನಿವಾರ

ಬೆಳಿಗ್ಗೆ ಏಳಕ್ಕೆ ಕೂತೆ. ಅಜ್ಜ ಕೊಟ್ಟಿದ್ದ ಕೆಂಪು ರೇಷ್ಮೆ ಹುರಿಯನ್ನು ಜೇನುಮೇಣದ ಮೇಲೆ ಮೂರು ಸಲ ಎಳೆದೆ. ಮೇಣ ಎಳೆಗಳನ್ನು ಒಟ್ಟಿಗೆ ಹಿಡಿಯುತ್ತದೆ, ಬೆವರನ್ನೂ ಸ್ವಲ್ಪ ತಡೆಯುತ್ತದೆ. ಟವೆಲ್ ಮೇಲೆ ಮಣಿಗಳನ್ನು ಮೊದಲೇ ಸಾಲಾಗಿ ಜೋಡಿಸಿದೆ. ಹೊಳಪಿರುವ ಹವಳ ಪದಕದ ಹತ್ತಿರ, ಮಬ್ಬಾದವು ಹಿಂದೆ.

ಹಳೇ ಸರದಲ್ಲಿ ಆ ನೀಲಿ ಗಂಟು ಬಿಟ್ಟರೆ ನಡುವೆ ಬೇರೆ ಗಂಟು ಇರಲಿಲ್ಲ. ಅದಕ್ಕೇ ಒಂದು ಕಡೆ ಹರಿದರೆ ಎಲ್ಲಾ ಉದುರಿದವು. ಈ ಸಲ ಗಂಟು ಹಾಕಿದೆ. ಆದರೆ ಗುಂಡಿನ ಪಕ್ಕ ಹಾಕಿದರೆ ಉಪಯೋಗ ಇಲ್ಲ. ಗುಂಡಿನ ತೂತು ದೊಡ್ಡದು, ಗಂಟು ಅದರೊಳಗೇ ನುಂಗಿಹೋಗುತ್ತದೆ. ಹವಳದ ತೂತು ಸಣ್ಣದು, ಗಂಟನ್ನು ಹೊರಗೇ ನಿಲ್ಲಿಸುತ್ತದೆ. ಹಾಗಾಗಿ ಹವಳ, ಗುಂಡು, ಹವಳ ಮೂರನ್ನೂ ಪೋಣಿಸಿ, ಆಮೇಲೆ ಒಂದು ಗಂಟು. ಗುಂಡು ಎರಡು ಹವಳದ ನಡುವೆ ಕೂತಿರುತ್ತದೆ, ಅಲ್ಲಾಡುವುದೂ ಕಮ್ಮಿ, ದಾರ ಉಜ್ಜುವುದೂ ಕಮ್ಮಿ.

ಗಂಟನ್ನು ಹವಳಕ್ಕೆ ಅಂಟಿಕೊಂಡ ಹಾಗೆ ಕೂರಿಸುವುದೇ ಕಷ್ಟದ ಕೆಲಸ. ಸಡಿಲವಾಗಿ ಒಂದು ಗಂಟು ಹಾಕಬೇಕು. ಅದರ ಕಣ್ಣಿನೊಳಗೆ ಸೂಜಿಯ ಮೊನೆ ಇಡಬೇಕು. ಸೂಜಿಯನ್ನೇ ತಳ್ಳುತ್ತಾ ಗಂಟನ್ನು ಹವಳದವರೆಗೆ ನಡೆಸಿಕೊಂಡು ಹೋಗಬೇಕು. ಅಲ್ಲಿ ಮುಟ್ಟಿದ ಮೇಲೆ ದಾರ ಎಳೆಯುತ್ತಾ ಸೂಜಿ ಜಾರಿಸಿಬಿಡಬೇಕು. ಒಂದು ಕ್ಷಣ ಮೊದಲೇ ಸೂಜಿ ತೆಗೆದರೆ ಗಂಟು ದೂರದಲ್ಲೇ ಬಿಗಿಯಾಗಿ, ದಾರ ಕಾಣುತ್ತದೆ. ಮೇಣ ಹಚ್ಚಿದ ರೇಷ್ಮೆಯಲ್ಲಿ ಹಾಗೆ ಬಿಗಿದ ಗಂಟನ್ನು ಬಿಚ್ಚುವುದಕ್ಕೆ ಆಗುವುದೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಕಡೆಯ 14 ಗುಂಡು ಮುಗಿದವು. ಎರಡು ತುದಿ ಹಿಡಿದು ಇಳಿಬಿಟ್ಟೆ. ತೂಗುಹಗ್ಗದ ಹಾಗೆ ನುಣ್ಣಗೆ ಬಾಗಬೇಕಿತ್ತು. ಎರಡು ಕಡೆ ಮೂಲೆ ಮೂಲೆಯಾಗಿ ಮುರಿದ ಹಾಗೆ ನಿಂತಿತು. ಗಂಟುಗಳನ್ನು ಜಾಸ್ತಿ ಒತ್ತಿಬಿಟ್ಟಿದ್ದೆ. ಹರಿಯಬಾರದು ಅನ್ನುವ ಹೆದರಿಕೆ ಕೈಗೆ ಇಳಿದಿತ್ತು. ಒತ್ತಾಗಿದ್ದರೆ ಸರ ಬಾಗಿದಾಗಲೆಲ್ಲ ಗುಂಡಿನ ಅಂಚು ದಾರವನ್ನು ಕೊರೆಯುತ್ತದೆ, ಸಡಿಲ ಇದ್ದಾಗಿನ ಹಾಗೆಯೇ. ಅಜ್ಜನಿಗೆ ಫೋನ್ ಮಾಡಿದೆ. "ಕತ್ತರಿಸು ಮಗಳೇ, ಮೊದಲಿಂದ ಹಾಕು. ಗುಂಡಿಗೆ ತಿರುಗೋಕೆ ಜಾಗ ಇರಬೇಕು, ಓಡೋಕೆ ಜಾಗ ಇರಬಾರದು" ಅಂದರು. ಕತ್ತರಿಸಿದೆ. ಟವೆಲ್ ಮೇಲೆ ಮಣಿ ಮತ್ತೆ ಜೋಡಿಸಿದೆ. ರಾತ್ರಿ ಹತ್ತಕ್ಕೆ ಎರಡೂ ಕಡೆ ಮುಗಿಯಿತು. ಈ ಸಲ ಇಳಿಬಿಟ್ಟಾಗ ಸರ ತಾನಾಗೇ ಬಾಗಿತು.

ಗಂಟುಗಳಿಂದಾಗಿ ಸರ ಸುಮಾರು 3 ಸೆಂಟಿಮೀಟರ್ ಉದ್ದವಾಗಿದೆ, ಈಗ ಮಣಿಯ ಭಾಗ 53 ಸೆಂಟಿಮೀಟರ್. ಫೋಟೋದಲ್ಲಿ ಪದಕ ನಿನ್ನ ಎದೆಯ ಮೇಲೆ ಎಲ್ಲಿ ಕೂತಿದೆಯೋ ಅಲ್ಲಿಗೇ ಬರಲಿ ಅಂತ ಹಿಂದಿನ ಹುರಿಯನ್ನು ಅಷ್ಟು ಕಮ್ಮಿ ಮಾಡಿಸಿದೆ. ಸೋಮವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನಗರ್ತಪೇಟೆಗೆ ಹೋದೆ. ಅಜ್ಜ ಹುರಿ ಕಟ್ಟಿ, ಕುಚ್ಚು ಬಿಟ್ಟು, ಸರವನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು ಕೊಟ್ಟರು. ದುಡ್ಡು ಅಂದಾಗ ದಾರಕ್ಕೆ, ಹುರಿಗೆ ಮಾತ್ರ ತೆಗೆದುಕೊಂಡರು. ನನ್ನ ಮದುವೆಗೆ ಕರೆದಿದ್ದೇನೆ. ನೀನೂ ಒಂದು ಸಲ ಫೋನ್ ಮಾಡಿ ಕರಿ ಅಮ್ಮಾ, ನಂಬರ್ ಕೊಡುತ್ತೇನೆ.

ಮುಹೂರ್ತದ ದಿನಕ್ಕೆ ಒಂದು ಮಾತು. ಸೆಂಟು, ಹೇರ್ ಸ್ಪ್ರೇ ಎಲ್ಲಾ ಮುಗಿದು, ಒಣಗಿದ ಮೇಲೆ ಕೊನೆಗೆ ಈ ಸರ. ಅಲಂಕಾರ ಮಾಡುವ ಹುಡುಗಿಗೂ ಹೇಳಿದ್ದೇನೆ, ಗಡಿಬಿಡಿಯಲ್ಲಿ ಮರೆತರೆ ನೀನು ನೆನಪಿಸು. ಹಾರ ಬದಲಾಯಿಸುವಾಗ ಹೂವಿನ ಹಾರದ ನಾರು ಸರಕ್ಕೆ ಸಿಕ್ಕಿಕೊಳ್ಳುತ್ತದೆ, ಅತ್ತೆ ಆಗಲಿ ನೀನಾಗಲಿ ಪದಕದ ಮೇಲೆ ಒಂದು ಕೈ ಇಟ್ಟು ಹಾರ ತೆಗೆಯಿರಿ. ಬಿಚ್ಚಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ತೂಗುಹಾಕದೆ ಮಲಗಿಸಿ ಇಡಬೇಕು. ತೂಗುಹಾಕಿದರೆ ರೇಷ್ಮೆ ಹಿಗ್ಗಿ ಮತ್ತೆ ಸಡಿಲವಾಗುತ್ತದೆ.

ಆ ಮೂರು ಗಾಜಿನ ಮಣಿಗಳಿಗೆ ಬದಲು ನಿಜವಾದ ಹವಳ ಹಾಕಬಹುದು ಅಂತ ಅಜ್ಜ ಒಂದು ಡಬ್ಬಿ ತುಂಬಾ ಹಳೇ ಹವಳ ತೋರಿಸಿದರು. ನಾನು ಬೇಡ ಅಂದೆ. ಮೂರೂ ಮೊದಲು ಇದ್ದಲ್ಲೇ, ಹಿಂದೆ, ಎಡಗಡೆ ಇವೆ.

ಅಮ್ಮಾ, ನೀನು ಅಜ್ಜಿಯಿಂದ ಇಸಕೊಂಡದ್ದನ್ನು ನನಗೆ ಕೊಟ್ಟೆ. ಲಾಕರಿನಿಂದ ತೆಗೆದು ನನ್ನ ಕೈಯಲ್ಲಿ ಇಡುವಾಗ "ಇನ್ನು ಇದು ನಿಂದು" ಅಂತ ಅಷ್ಟೇ ಹೇಳಿ ಅಡುಗೆಮನೆಗೆ ಹೋಗಿಬಿಟ್ಟೆ. ನಾನೂ ಏನೂ ಹೇಳಲಿಲ್ಲ. ಗಂಟಲು ಕಟ್ಟಿತ್ತು. ಈ ಐದು ಶನಿವಾರ ಒಂದೊಂದು ಮಣಿಯನ್ನೂ ಕೈಯಲ್ಲಿ ಹಿಡಿದಿದ್ದೇನೆ, ಒಂದೊಂದಕ್ಕೂ ನಿನ್ನ ನೆನೆಸಿಕೊಂಡಿದ್ದೇನೆ. ಅವತ್ತು ಹೇಳಬೇಕಾಗಿದ್ದು ಇವತ್ತು ಹೇಳುತ್ತಿದ್ದೇನೆ. ತುಂಬಾ ತುಂಬಾ ಥ್ಯಾಂಕ್ಸ್ ಅಮ್ಮಾ.

ಹಳೇ ದಾರವನ್ನು ಎಸೆದಿಲ್ಲ. ನೀಲಿ ಗಂಟಿನ ತುಂಡನ್ನು ಈ ಕಾಗದದ ಜೊತೆ ಮಡಚಿ ಇಟ್ಟಿದ್ದೇನೆ, ನೋಡು. ಸರ ಹರಿದದ್ದು ಯಾವಾಗ, ಹವಳ ಮೂರು ಎಲ್ಲಿ ಕಳೆದವು, ಆ ಬಣ್ಣದ ಗಾಜಿನ ಮಣಿ ಹುಡುಕಿಕೊಂಡು ಎಲ್ಲೆಲ್ಲಿ ಅಲೆದೆ, ಎಲ್ಲಾ ನನಗೆ ಹೇಳಬೇಕು. ಅವತ್ತು ನೀನು ಅಜ್ಜಿಗೆ ಹೇಳಿದ್ಯಾ ಅಮ್ಮಾ?

ನಿನ್ನ ಮಗಳು